‘ಸೂಚಿಸಲಾಯಿತು’ ಅಂದರೆ ಯಾರು, ಯಾರಿಗೆ? ವಾರ್ಡ್ ಸಮಿತಿಯ ನಡವಳಿ ಬರೆದ ಒಂದು ವರ್ಷ

ಮೊದಲ ಸಭೆಗೆ ಹೋದ ದಿನ ನನ್ನ ಕೈಚೀಲದಲ್ಲಿ ಒಂದು ಪೆನ್ನು, ಇನ್ನೂರು ಪುಟದ ಒಂದು ನೋಟ್‌ಬುಕ್ ಇದ್ದವು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ಯಾರಾದರೂ ಮಾತಾಡುತ್ತಿದ್ದರೆ ಬರೆದುಕೊಳ್ಳದೆ ಕೂರೋದು ನನಗೆ ಆಗೋದಿಲ್ಲ. ಆ ಚಟವೇ ಮುಳುವಾಯಿತು. ನಡವಳಿ ಬರೆಯಬೇಕಾದವರು ಸಮಿತಿಯ ಕಾರ್ಯದರ್ಶಿ. ನಮ್ಮಲ್ಲಿ ಆ ಕೆಲಸ ಪಾಲಿಕೆಯ ಸಹಾಯಕ ಇಂಜಿನಿಯರ್ ತಲೆಗೆ ಬಿದ್ದಿದೆ. ಅವರ ಫೋನು ಹತ್ತು ನಿಮಿಷದಲ್ಲಿ ನಾಲ್ಕು ಸಲ ಹೊಡೆದುಕೊಂಡಿತು. ಐದನೇ ಸಲಕ್ಕೆ ಎದ್ದು ಹೊರಗೆ ಹೋಗುತ್ತಾ, “ಟೀಚರ್, ಹೆಂಗೂ ಬರ್ಕೊಳ್ತಾ ಇದೀರಲ್ಲ, ನೀವೇ ಬರೆದುಕೊಟ್ಟುಬಿಡಿ, ನಾನು ಸಹಿ ಹಾಕ್ತೀನಿ” ಅಂದರು. ಕಾರ್ಪೊರೇಟರ್ ಸಾಹೇಬರೂ ತಲೆಯಾಡಿಸಿದರು. ಅಂದಿನಿಂದ ಒಂದು ವರ್ಷ ನಮ್ಮ ವಾರ್ಡಿನ ನಡವಳಿ ಪುಸ್ತಕ ನನ್ನ ಕೈಬರಹದಲ್ಲಿದೆ.

ಊರಿನ ಹೆಸರು ಬೇಡ. ಬೆಂಗಳೂರಲ್ಲ ಅಂದರೆ ಸಾಕು. ಬೆಂಗಳೂರಿನ ವಾರ್ಡ್ ಸಮಿತಿಗಳ ಬಗ್ಗೆ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತದೆ, ಉಳಿದ ಪಾಲಿಕೆಗಳಲ್ಲೂ ಇಂಥದ್ದೊಂದು ಇರಬೇಕು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಸಂವಿಧಾನದ 243ಎಸ್ ವಿಧಿ 1993ರಿಂದಲೂ ಹೇಳುತ್ತಿದೆ. ನಮ್ಮ ರಾಜ್ಯದ 1976ರ ಪಾಲಿಕೆ ಕಾಯ್ದೆಗೆ ಇದಕ್ಕೆಂದೇ ತಿದ್ದುಪಡಿ ಬಂದದ್ದು 2011ರಲ್ಲಿ, ನಿಯಮಗಳು ಬಂದದ್ದು 2016ರಲ್ಲಿ. ಕಾರ್ಪೊರೇಟರ್ ಅಧ್ಯಕ್ಷರು. ನಾಮನಿರ್ದೇಶನದ ಹತ್ತು ಜನ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಸಭೆ ತಿಂಗಳಿಗೊಮ್ಮೆ. ನಾನು ಆ ಮೂವರಲ್ಲಿ ಒಬ್ಬಳು.

ಬರೆಯುವ ಕೆಲಸ ತಲೆಗೆ ಬಂತಲ್ಲ, ಹಿಂದಿನವರು ಹೇಗೆ ಬರೆದಿದ್ದಾರೆ ನೋಡೋಣ ಅಂತ ಹಳೇ ಪುಸ್ತಕ ಕೇಳಿದೆ. ವಲಯ ಕಚೇರಿಯಲ್ಲಿ ಇದೆ ಅಂದರು. ವಲಯ ಕಚೇರಿಯವರು ಇಂಜಿನಿಯರ್ ಹತ್ತಿರ ಇದೆ ಅಂದರು. ಎರಡು ವಾರ ಓಡಾಡಿ ಸಾಕಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮೂನೆ ‘ಎ’, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಮುಗಿಸಬೇಕು. ನನಗೆ ಬೇಕಾದದ್ದು ಒಂದೇ ಸಾಲು: “ಕಳೆದ ಎರಡು ವರ್ಷದ ವಾರ್ಡ್ ಸಮಿತಿ ಸಭೆಗಳ ನಡವಳಿಯ ನಕಲು.” ಈ ಸಮಿತಿಗಳ ಸಭೆಗೆ ಜನ ಬರಬಹುದೇ, ನಡವಳಿ ಜನರ ಕೈಗೆ ಸಿಗುತ್ತದೆಯೇ ಅಂತ ಪ್ರತಿ ಕಚೇರಿಯೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನ ಎಂಟನೇ ಬಾಬ್ತು ಅದು. ಅದನ್ನೂ ಅರ್ಜಿಯ ಕೊನೆಗೆ ನೆನಪಿಸಿದೆ. ಮೂವತ್ತು ದಿನದ ಗಡುವಿಗೆ ಎರಡು ದಿನ ಇರುವಾಗ ಉತ್ತರ ಬಂತು: ಏಳು ಪುಟ, ಪುಟಕ್ಕೆ ಎರಡು ರೂಪಾಯಿಯಂತೆ ಹದಿನಾಲ್ಕು ರೂಪಾಯಿ ಕಟ್ಟಿ ಪಡೆಯಿರಿ.

ಎರಡು ವರ್ಷಕ್ಕೆ ಏಳು ಪುಟ. ಐದು ಸಭೆ. ಐದರಲ್ಲೂ ಕೊನೆಯ ಸಾಲು ಒಂದೇ: ‘ವಂದನಾರ್ಪಣೆಯೊಂದಿಗೆ ಸಭೆಯನ್ನು ಮುಕ್ತಾಯಗೊಳಿಸಲಾಯಿತು.’ ನಡುವಿನ ಸಾಲುಗಳೂ ಹೆಚ್ಚುಕಡಿಮೆ ಒಂದೇ. ‘ಬೀದಿದೀಪಗಳ ಬಗ್ಗೆ ಚರ್ಚಿಸಲಾಯಿತು.’ ‘ಕಸ ವಿಲೇವಾರಿ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಲು ಸಂಬಂಧಪಟ್ಟವರಿಗೆ ಸೂಚಿಸಲಾಯಿತು.’ ಕರ್ಮಣಿ ಪ್ರಯೋಗ ಪಾಠ ಮಾಡುವಾಗ ಮಕ್ಕಳಿಗೆ ಉದಾಹರಣೆ ಸಾಲದೆ ಪರದಾಡುತ್ತಿದ್ದೆ. ಈ ಏಳು ಪುಟ ಆಗ ಸಿಕ್ಕಿದ್ದರೆ ವರ್ಷವಿಡೀ ಸಾಕಾಗುತ್ತಿತ್ತು.

ನಗುತ್ತಾ ಓದಿದೆ ಅನ್ನಿ. ಆದರೆ ಮೊದಲ ತಿಂಗಳು ನಾನು ಬರೆದದ್ದೂ ಅದನ್ನೇ. ಸರಕಾರಿ ಕಾಗದ ಅಂದಮೇಲೆ ಹೀಗೇ ಇರಬೇಕೇನೋ ಅನ್ನುವ ಭಯ. ಜೂನ್ ಸಭೆಯ ನನ್ನ ಬರಹ ಇಲ್ಲಿದೆ:

“ವಿಷಯ 3: 4ನೇ ಅಡ್ಡರಸ್ತೆಯ ಚರಂಡಿಯಲ್ಲಿ ಹೂಳು ತುಂಬಿದ್ದು, ಹೂಳು ತೆಗೆಸುವಂತೆ ನಿವಾಸಿಗಳು ಮನವಿ ಸಲ್ಲಿಸಿದರು. ಶೀಘ್ರವಾಗಿ ಹೂಳು ತೆಗೆಯಲು ಸಂಬಂಧಪಟ್ಟವರಿಗೆ ಸೂಚಿಸಲಾಯಿತು.”

ಈ ಎರಡು ಸಾಲಿನ ಕಥೆ ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು.

ಮನವಿ ತಂದವರು ಆರು ಮನೆಯವರು. ನಾಲ್ಕನೇ ಅಡ್ಡರಸ್ತೆ ಇಳಿಜಾರಾಗಿ ಬಂದು ಮುಖ್ಯರಸ್ತೆಗೆ ಸೇರುವ ಕಡೆ, ತಗ್ಗಿನಲ್ಲಿರುವ ಮನೆಗಳು. ಅರ್ಧ ಗಂಟೆ ಜೋರು ಮಳೆ ಬಿದ್ದರೆ ಚರಂಡಿ ಉಕ್ಕಿ ನೀರು ಹೊಸ್ತಿಲು ದಾಟುತ್ತಿತ್ತು. ಒಬ್ಬರ ಮನೆಯಲ್ಲಿ ಅಕ್ಕಿ ಮೂಟೆ ನೆನೆದಿತ್ತು, ಇನ್ನೊಬ್ಬರ ಫ್ರಿಜ್ ಕೆಟ್ಟಿತ್ತು. ನೀರು ನುಗ್ಗುತ್ತದೆ ಅನ್ನುವುದು ಅವರ ನಿಜವಾದ ದೂರು. ಆದರೆ ಮನವಿಯಲ್ಲಿ ಬರೆಸಿದ್ದು ‘ಹೂಳು ತೆಗೆಸಿ’ ಅಂತ. ನಾವೆಲ್ಲ ಹಾಗೇ ಅಲ್ಲವೇ, ಡಾಕ್ಟರ ಹತ್ತಿರ ಹೋಗಿ ಹೊಟ್ಟೆನೋವು ಅನ್ನುವ ಬದಲು ‘ಗ್ಯಾಸ್ಟ್ರಿಕ್ ಮಾತ್ರೆ ಕೊಡಿ’ ಅಂತೀವಿ.

ಜುಲೈ ಸಭೆಯಲ್ಲಿ ಹಿಂದಿನ ನಡವಳಿಯ ಅನುಪಾಲನಾ ವರದಿ ಬಂತು. ವಿಷಯ 3ರ ಎದುರಿಗೆ: ‘ಹೂಳು ತೆಗೆಯಲಾಗಿದೆ. ಕ್ರಮ ಪೂರ್ಣಗೊಂಡಿದೆ.’ ಸುಳ್ಳೇನಲ್ಲ. ಒಂದು ಟ್ರ್ಯಾಕ್ಟರ್ ಹೂಳು ತೆಗೆದು ರಸ್ತೆ ಬದಿ ಗುಡ್ಡೆ ಹಾಕಿ, ಮೂರು ದಿನದ ಮೇಲೆ ಸಾಗಿಸಿದ್ದನ್ನು ನಾನೇ ಕಂಡಿದ್ದೆ. ಸಭೆ ಮುಗಿದ ನಾಲ್ಕನೇ ದಿನ ಮಳೆ ಬಂತು. ನೀರು ಮತ್ತೆ ಹೊಸ್ತಿಲು ದಾಟಿತು. ಆ ಮನೆಯವರು ಇಂಜಿನಿಯರಿಗೆ ಫೋನ್ ಮಾಡಿದರೆ, “ನಿಮ್ಮ ಮನವಿ ವಿಲೇ ಆಗಿದೆ, ನಡವಳಿ ನೋಡಿ” ಅಂದರಂತೆ. ನಡವಳಿ ನನ್ನದೇ. ‘ಹೂಳು ತೆಗೆಯಲು’ ಅಂತ ಬರೆದಿದ್ದೆ, ತೆಗೆದರು, ಮುಗಿಯಿತು. ‘ಮನೆಗೆ ನೀರು ನುಗ್ಗುತ್ತದೆ’ ಅನ್ನುವ ಮಾತು ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಅಂದು ಸಂಜೆ ಅವರಲ್ಲೊಬ್ಬರು ಬೀದಿಯಲ್ಲಿ ಸಿಕ್ಕಿ ಮುಖ ತಿರುಗಿಸಿಕೊಂಡು ಹೋದರು.

ಕಾರಣ ಹೇಳಿದ್ದು ಸಮಿತಿಯವರೂ ಅಲ್ಲ, ಅಧಿಕಾರಿಗಳೂ ಅಲ್ಲ. ಆಗಸ್ಟ್ ಸಭೆಗೆ ಹೊರಡುವಾಗ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸು ಸಿಕ್ಕಳು. “ಅಮ್ಮಾ, ಎಷ್ಟು ಸಲ ಬಾಚಿದ್ರೂ ಅಷ್ಟೇಯಾ. ಮೋರಿ ಬಾಯಾಗೆ ನೀರಿನ ಪೈಪು ಅಡ್ಡ ಮಲಗೈತೆ” ಅಂದಳು. ಹೋಗಿ ನೋಡಿದೆ. ಚರಂಡಿ ಮುಖ್ಯರಸ್ತೆಯ ಕೆಳಗೆ ಎರಡಡಿಯ ಹ್ಯೂಮ್ ಪೈಪಿನಲ್ಲಿ ದಾಟಿ ಆಚೆ ಹೋಗುತ್ತದೆ. ಆ ಬಾಯಿಗೆ ಸರಿಯಾಗಿ, ತಳದಿಂದ ಒಂದು ಗೇಣು ಮೇಲೆ, ಕುಡಿಯುವ ನೀರಿನ ನಾಲ್ಕಿಂಚಿನ ಪೈಪು ಅಡ್ಡಲಾಗಿ ಹಾದುಹೋಗಿದೆ. ಅದರ ಮೇಲೆ ಹಾಲಿನ ಕವರು, ಎಳನೀರು ಬುರುಡೆ, ಯಾವುದೋ ಸೀರೆಯ ತುಂಡು ಬಟ್ಟೆ ಒಣಹಾಕಿದ ಹಾಗೆ ನೇತಾಡುತ್ತಿದ್ದವು. “ಇದನ್ನ ಹೆಂಗೆ ಕಂಡುಹಿಡಿದೆ?” ಅಂತ ಕೇಳಿದೆ. “ಮಳೆ ನಿಂತ ಮೇಲೆ ಬಂದು ನೋಡಿ. ಈ ಕಡೆ ನೀರು ನಿಂತಿರ್ತದೆ, ಆ ಕಡೆ ಒಣಗಿರ್ತದೆ. ಹೂಳಿನ ಕಾಟ ಆಗಿದ್ರೆ ಎರಡೂ ಕಡೆ ನಿಲ್ಲಬೇಕಿತ್ತು.” ಇಷ್ಟು ಸರಳವಾದ ಪರೀಕ್ಷೆ ನಾವು ಹನ್ನೊಂದು ಜನ ಸಮಿತಿಯವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ನಡವಳಿಯಲ್ಲಿ ಮನವಿದಾರರಿಗೆ ಜಾಗ ಇದೆ, ಅಧಿಕಾರಿಗೆ ಇದೆ. ಕೆಲಸ ಮಾಡುವವರು ಹೇಳುವ ಮಾತಿಗೆ ಅಂಕಣವೇ ಇಲ್ಲ. ನಾನು ‘ಸ್ಥಳದಲ್ಲಿ ಕಂಡದ್ದು’ ಅಂತ ಒಂದು ಅಂಕಣ ಸೇರಿಸಿದೆ. ಅವಳ ಹೆಸರು ಹಾಕಲಿಲ್ಲ, ಅವಳೇ ಬೇಡ ಅಂದಳು. ಮೇಸ್ತ್ರಿಗೆ ಗೊತ್ತಾದರೆ ಬೈತಾನೆ ಅನ್ನುವ ಹೆದರಿಕೆ.

ಆಗಸ್ಟ್ ಸಭೆಯಲ್ಲಿ ಈ ವಿಷಯ ಎತ್ತಿದ ಕೂಡಲೇ ನಮ್ಮ ಇಂಜಿನಿಯರ್, “ಪೈಪು ನಮ್ಮದಲ್ಲ, ನೀರು ಸರಬರಾಜು ವಿಭಾಗದ್ದು” ಅಂದರು. ನೀರಿನವರ ಕಡೆಯಿಂದ ಬಂದಿದ್ದವನು ವಾಲ್ವ್ ತಿರುಗಿಸುವ ಹುಡುಗ. ಅವನು ನಿಂತುಕೊಂಡೇ, “ಮೋರಿ ಇಂಜಿನಿಯರ್ ಸೆಕ್ಷನ್ನಿಂದು ಸಾರ್, ನಮ್ಮ ಪೈಪು ಮೊದಲಿಂದಾನೂ ಅಲ್ಲೇ ಇತ್ತು” ಅಂದ. ಅಧ್ಯಕ್ಷರು ಇಬ್ಬರನ್ನೂ ನೋಡಿ, “ಆಯ್ತು, ಪತ್ರ ಬರೀರಿ” ಅಂದರು. ಎಲ್ಲರಿಗೂ ನೆಮ್ಮದಿ. ಇನ್ನೇನು ನಾನೂ ‘ಸಂಬಂಧಪಟ್ಟ ವಿಭಾಗಕ್ಕೆ ಪತ್ರ ಬರೆಯಲು ಸೂಚಿಸಲಾಯಿತು’ ಅಂತ ಬರೆಯಬೇಕು, ಪೆನ್ನು ನಿಂತಿತು.

“ಸರ್, ಒಂದು ನಿಮಿಷ. ಯಾರು ಬರೀತಾರೆ, ಯಾರಿಗೆ ಬರೀತಾರೆ, ಯಾವತ್ತು ಬರೀತಾರೆ? ಕ್ರಿಯಾಪದ ಒಂದೇ ಇದೆ, ಕರ್ತೃ ಸಿಗ್ತಾ ಇಲ್ಲ” ಅಂದೆ. ತರಗತಿಯ ದನಿ ತಾನಾಗಿ ಬಂದುಬಿಟ್ಟಿತ್ತು. ಇಬ್ಬರು ನಕ್ಕರು. ಇಂಜಿನಿಯರ್ ನಗಲಿಲ್ಲ.

ಆ ದಿನದ ಬರಹ ಹೀಗಾಯಿತು:

“ವಿಷಯ 2. ತೊಂದರೆ: ಅರ್ಧ ಗಂಟೆ ಜೋರು ಮಳೆಯಾದರೆ 4ನೇ ಅಡ್ಡರಸ್ತೆಯ ತಗ್ಗಿನ ಆರು ಮನೆಗಳಿಗೆ ಚರಂಡಿ ನೀರು ನುಗ್ಗುತ್ತಿದೆ. ಸ್ಥಳದಲ್ಲಿ ಕಂಡದ್ದು: ಮುಖ್ಯರಸ್ತೆ ಮೋರಿಯ ಬಾಯಿಗೆ ನೀರಿನ ಪೈಪು ಅಡ್ಡವಿದ್ದು ಕಸ ಸಿಲುಕುತ್ತಿದೆ. ಭರವಸೆ: ವಾರ್ಡಿನ ಸಹಾಯಕ ಇಂಜಿನಿಯರ್ ಮತ್ತು ನೀರು ಸರಬರಾಜು ವಿಭಾಗದ ಸಹಾಯಕ ಇಂಜಿನಿಯರ್ ಮುಂದಿನ ಮಂಗಳವಾರ ಬೆಳಿಗ್ಗೆ 11ಕ್ಕೆ ಮೋರಿಯ ಬಳಿ ಜಂಟಿ ಪರಿಶೀಲನೆ ಮಾಡುವರು. ಮುಗಿಯಿತೆಂದು ತಿಳಿಯುವ ಬಗೆ: ಜೋರು ಮಳೆಯ ನಂತರ ಮೋರಿಯ ಮೇಲ್ಬದಿಯಲ್ಲಿ ನೀರು ನಿಲ್ಲಬಾರದು, ಆರು ಮನೆಗಳಿಗೆ ನೀರು ನುಗ್ಗಬಾರದು.”

ಬರೆದದ್ದನ್ನು ಅಲ್ಲೇ, ಮುಂದಿನ ವಿಷಯಕ್ಕೆ ಹೋಗುವ ಮೊದಲೇ ಗಟ್ಟಿಯಾಗಿ ಓದಿದೆ. ಇದನ್ನು ಕಲಿತದ್ದು ಜುಲೈ ಸಭೆಯಲ್ಲಿ ಪೆಟ್ಟು ತಿಂದು. ಹದಿನೈದು ದಿನದಲ್ಲಿ ಪಾರ್ಕಿನ ಗೇಟು ಕೂರಿಸುತ್ತೇನೆ ಅಂದಿದ್ದ ಗುತ್ತಿಗೆಯ ಮೇಲ್ವಿಚಾರಕ, ತಿಂಗಳಾದ ಮೇಲೆ ಬಂದು “ನಾನು ಹಂಗಂದೇ ಇಲ್ಲ” ಅಂದುಬಿಟ್ಟ. ಮನೆಗೆ ಹೋಗಿ ಬರೆದ ನಡವಳಿಯ ಹಣೆಬರಹವೇ ಅಷ್ಟು. ಮಾತಾಡಿದವರ ಎದುರಿಗೇ ಓದಿದರೆ ಅವರು ತಿದ್ದುತ್ತಾರೆ, ತಿದ್ದಿದ ಮೇಲೆ ಆ ಮಾತು ಅವರದಾಗುತ್ತದೆ. ಅಂದೂ ಇಂಜಿನಿಯರ್ ತಿದ್ದಿದರು, “ಮಂಗಳವಾರ ಬೇಡ, ಗುರುವಾರ ಮಾಡಿ, ಮಂಗಳವಾರ ಆಯುಕ್ತರ ಮೀಟಿಂಗು.” ಮಂಗಳವಾರ ಹೊಡೆದು ಗುರುವಾರ ಬರೆದೆ. ಆ ಒಂದು ಕಾಟು ಹೊಡೆದ ಪದ ಆ ಪುಟದಲ್ಲಿ ನನಗೆ ಬಲು ಇಷ್ಟ.

ಗುರುವಾರ ಇಬ್ಬರೂ ಬಂದರು. ಇಪ್ಪತ್ತು ನಿಮಿಷ ತಡವಾಗಿ, ಆದರೂ ಬಂದರು. ಮೋರಿ ಬಾಯಿಗೆ ಬಗ್ಗಿ ನೋಡಿದ ನೀರಿನವರು, ಪೈಪನ್ನು ಕತ್ತರಿಸಿ ಬೆಂಡು ಹಾಕಿ ಚರಂಡಿಯ ತಳಕ್ಕಿಂತ ಕೆಳಗೆ ಇಳಿಸಬಹುದು ಅಂದರು. ಕೆಲಸ ಒಂದು ದಿನದ್ದು, ಅಂದು ಮೂರು ಬೀದಿಗೆ ನೀರಿಲ್ಲ. ಆದರೆ ಮುಖ್ಯರಸ್ತೆಯ ಅಂಚು ಅಗೆಯಬೇಕು, ಅಗೆದ ಮೇಲೆ ಮುಚ್ಚಿ ಡಾಂಬರು ಹಾಕುವ ಖರ್ಚು ಯಾರದ್ದು? ಅಲ್ಲೇ ರಸ್ತೆಯ ಮೇಲೆ ಇನ್ನೊಂದು ಸುತ್ತು ಮಾತಾಯಿತು. ನಾನು ಕೊಡೆಯ ತುದಿಯಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದೆ.

ಸೆಪ್ಟೆಂಬರ್ ಸಭೆಗೆ ಬಂದಾಗ ನನಗೆ ಒಳ್ಳೆಯ ಹುರುಪು. “ಸರ್, ಪೈಪು ಇಳಿಸೋದು ಈ ತಿಂಗಳ ಕೊನೆಗೆ ಅಂತ ಬರ್ಕೊಳ್ಳಲಾ?” ಅಂದೆ. ಇಂಜಿನಿಯರ್ ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಒಂದು ವರ್ಷದಲ್ಲಿ ಅವರು ಬಿಚ್ಚಿ ಮಾತಾಡಿದ್ದು ಅದೊಂದೇ ಸಲ. “ಮೇಡಂ, ನಾನು ಕೆಲಸ ಮಾಡ್ತೀನಿ ಅಂತ ಬರೆಸ್ಕೊಂಡ್ರೆ ನಾನು ಸುಳ್ಳುಗಾರ ಆಗ್ತೀನಿ. ನನ್ನ ಕೈಲಿರೋದು ಅಂದಾಜು ಪಟ್ಟಿ ಮಾಡೋದು. ಅದಕ್ಕೆ ಮೇಲಿನವರು ತಾಂತ್ರಿಕ ಮಂಜೂರಾತಿ ಕೊಡಬೇಕು, ದುಡ್ಡು ಯಾವ ಬಾಬ್ತಿಂದ ಅಂತ ಆಗಬೇಕು, ಆಮೇಲೆ ಟೆಂಡರು, ಆಮೇಲೆ ವರ್ಕ್ ಆರ್ಡರು. ಅಂದಾಜು ಪಟ್ಟಿ ಯಾವತ್ತು ಕೊಡ್ತೀನಿ ಅಂತ ಕೇಳಿ, ಖಂಡಿತ ಹೇಳ್ತೀನಿ.”

ಈ ಮಾತು ನನ್ನ ಕಣ್ಣು ತೆರೆಸಿತು. ಅಲ್ಲಿಯವರೆಗೆ ಅಧಿಕಾರಿಗಳು ಜಾರಿಕೊಳ್ಳುತ್ತಾರೆ ಅಂತ ಅಂದುಕೊಂಡಿದ್ದ ಎಷ್ಟೋ ಕಡೆ, ನಾವು ಅವರ ಕೈಮೀರಿದ್ದನ್ನು ಕೇಳುತ್ತಿದ್ದೆವು. ಅವರು ಮೇಜಿನಿಂದ ಎದ್ದು ಹೋಗಲು ಏನೋ ಒಂದು ಅನ್ನುತ್ತಿದ್ದರು. ಅಂದಿನಿಂದ ನಡವಳಿ ಬರೆಯುವಾಗ ವಿಷಯಗಳನ್ನು ಎರಡು ಗುಂಪು ಮಾಡಿಕೊಂಡೆ. ಒಂದು, ಇರುವ ಜನ, ಇರುವ ಗುತ್ತಿಗೆಯಲ್ಲೇ ಆಗುವಂಥವು. ಕೆಟ್ಟ ಬೀದಿದೀಪ ಬದಲಿಸುವುದು, ಕಸದ ಆಟೋ ಬರುವ ಹೊತ್ತು, ಮುರಿದ ಕಲ್ಲುಚಪ್ಪಡಿ ಮುಚ್ಚುವುದು. ಇವಕ್ಕೆ ಕೆಲಸ ಮುಗಿಯುವ ತಾರೀಕನ್ನೇ ಬರೆಸಿಕೊಳ್ಳುತ್ತೇನೆ. ಇನ್ನೊಂದು, ಹೊಸದಾಗಿ ದುಡ್ಡು ಬೇಕಾದವು. ಇವಕ್ಕೆ ಮುಂದಿನ ಒಂದು ಹೆಜ್ಜೆಯ ತಾರೀಕು ಮಾತ್ರ: ಅಂದಾಜು ಪಟ್ಟಿ ಯಾವತ್ತು, ಅದು ಹೋದ ಪತ್ರದ ಸಂಖ್ಯೆ ಏನು. ಮುಂದಿನ ಸಭೆಯಲ್ಲಿ ಅದರ ಮುಂದಿನ ಹೆಜ್ಜೆ. ಪತ್ರದ ಸಂಖ್ಯೆ ಬಹಳ ಮುಖ್ಯ. ‘ಪತ್ರ ಬರೆದಿದ್ದೇವೆ’ ಅಂದವರು ಸಂಖ್ಯೆ ಕೇಳಿದಾಗ “ಫೈಲು ನೋಡಿ ಹೇಳ್ತೀನಿ” ಅಂದರೆ, ಹತ್ತರಲ್ಲಿ ಎಂಟು ಸಲ ಪತ್ರ ಹೋಗಿರುವುದಿಲ್ಲ. ಕೇಳಿದ ಮಾರನೇ ದಿನ ಹೋಗುತ್ತದೆ.

ನಮ್ಮ ಮೋರಿಯ ಅಂದಾಜು ಪಟ್ಟಿ ಸೆಪ್ಟೆಂಬರ್ ಕೊನೆಯ ವಾರ ಹೋಯಿತು. ಅಕ್ಟೋಬರಿನಲ್ಲಿ ನಮ್ಮ ಇಂಜಿನಿಯರಿಗೇ ವರ್ಗವಾಯಿತು. ಹೊಸಬರು ಬಂದ ಸಭೆಯಲ್ಲಿ, “ಹಿಂದಿನವರು ಏನು ಹೇಳಿದ್ರೋ ನನಗೆ ಗೊತ್ತಿಲ್ಲ, ಹೊಸದಾಗಿ ಶುರು ಮಾಡೋಣ” ಅಂದರು. ಹೊಸದಾಗಿ ಅಂದರೆ ಮತ್ತೆ ಜೂನ್! ನಡವಳಿಯಲ್ಲಿ ನಾನು ವ್ಯಕ್ತಿಯ ಹೆಸರು ಬರೆಯದೆ ಹುದ್ದೆ ಬರೆದದ್ದು ಇಲ್ಲಿ ಕೈಹಿಡಿಯಿತು. ಜಾಣತನವೇನಲ್ಲ, ಮೊದಲ ಸಭೆಯಲ್ಲಿ ಅವರ ಹೆಸರು ನನಗೆ ಸರಿಯಾಗಿ ಕೇಳಿಸಿರಲಿಲ್ಲ, ಹಾಗಾಗಿ ಹುದ್ದೆ ಬರೆದಿದ್ದೆ. “ಸರ್, ಇಲ್ಲಿ ‘ವಾರ್ಡಿನ ಸಹಾಯಕ ಇಂಜಿನಿಯರ್’ ಅಂತ ಇದೆ, ಇವತ್ತು ಅವರು ನೀವೇ ಅಲ್ವಾ?” ಅಂದೆ. ಅವರು ಪುಸ್ತಕ ಇಸಕೊಂಡು ಮೂರು ತಿಂಗಳ ಪುಟ ಓದಿದರು. ಅಂದಾಜು ಪಟ್ಟಿಯ ಸಂಖ್ಯೆ ಅಲ್ಲೇ ಇತ್ತು. ವಾಪಸ್ ಕೊಡುತ್ತಾ, “ಇದು ಒಳ್ಳೇದಾಯ್ತು, ನನಗೆ ಫೈಲು ಹುಡುಕೋದು ತಪ್ಪಿತು” ಅಂದರು.

ಇದರ ನಡುವೆ ಅಧ್ಯಕ್ಷರ ಜೊತೆ ಒಂದು ಸಣ್ಣ ಜಟಾಪಟಿಯೂ ಆಯಿತು. ನವೆಂಬರಿನಲ್ಲಿ ಕಸದ ವಿಷಯಕ್ಕೆ ಜನ ಜೋರಾಗಿ ಕೂಗಾಡಿದ್ದರು. ನಾನು ‘ನಾಗರಿಕರು ತೀವ್ರ ಆಕ್ರೋಶ ವ್ಯಕ್ತಪಡಿಸಿದರು’ ಅಂತ ಬರೆದಿದ್ದೆ. ಕರಡು ನೋಡಿದ ಅಧ್ಯಕ್ಷರು ಆ ಸಾಲು ತೆಗೆಯಿರಿ ಅಂದರು. ಮೊದಲು ರೇಗಿತು, ರಾತ್ರಿ ಕೂತು ಯೋಚಿಸಿದಾಗ ಅವರು ಹೇಳಿದ್ದೇ ಸರಿ ಅನ್ನಿಸಿತು. ಆಕ್ರೋಶಕ್ಕೆ ಮುಂದಿನ ತಿಂಗಳು ಯಾರೂ ಅನುಪಾಲನಾ ವರದಿ ಕೊಡಲಾರರು. ಅದರ ಬದಲು ‘ಅಕ್ಟೋಬರಿನಲ್ಲಿ ಕಸದ ಆಟೋ ಒಂಬತ್ತು ದಿನ ಬಂದಿಲ್ಲ ಎಂದು 2ನೇ ಅಡ್ಡರಸ್ತೆಯವರು ದಿನಾಂಕಗಳ ಪಟ್ಟಿ ಕೊಟ್ಟರು’ ಅಂತ ಬರೆದೆ. ಈ ಸಾಲನ್ನೂ ತೆಗೆಯಿರಿ ಅಂದರು. ತೆಗೆಯಲಿಲ್ಲ. ಪಟ್ಟಿಯನ್ನು ಮನವಿಯ ಜೊತೆ ಲಗತ್ತಿಸಿದ್ದೆ, ಟಪಾಲಿನಲ್ಲಿ ಸೀಲು ಬಿದ್ದಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು.

ಮನವಿದಾರರ ಹೆಸರಿನ ವಿಷಯವೂ ಹೀಗೇ ಕಲಿತದ್ದು. ನಡವಳಿಯ ನಕಲನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸುತ್ತೇವೆ. ಪಕ್ಕದ ಮನೆಯವರು ಶೌಚದ ನೀರನ್ನು ಮಳೆ ಚರಂಡಿಗೆ ಬಿಟ್ಟಿದ್ದಾರೆ ಅಂತ ಒಬ್ಬ ಹೆಣ್ಣುಮಗಳು ದೂರು ಕೊಟ್ಟಳು. ನಾನು ಹೆಸರು, ಮನೆ ನಂಬರ್ ಎಲ್ಲ ಬರೆದೆ. ನಕಲು ಗೋಡೆಗೆ ಬಿದ್ದ ಎರಡನೇ ದಿನ ಬೀದಿಯಲ್ಲಿ ಜಗಳ. ಅವಳು ಮನೆಗೆ ಬಂದು, “ಅಕ್ಕಾ, ದೂರು ವಾಪಸ್ ತಗೊಂಬಿಡಿ” ಅಂತ ಅತ್ತಳು. ಆಮೇಲಿಂದ ನಡವಳಿಯಲ್ಲಿ ಬೀದಿ ಮತ್ತು ಮನವಿಯ ಟಪಾಲು ಸಂಖ್ಯೆ ಮಾತ್ರ. ಹೆಸರು ಬೇಕಾದ ಅಧಿಕಾರಿ ಆ ಸಂಖ್ಯೆ ಹಿಡಿದು ಮೂಲ ಮನವಿ ತೆಗೆದು ನೋಡಬಹುದು. ಗೋಡೆ ಓದುವವರಿಗೆ ಅದರ ಅಗತ್ಯವಿಲ್ಲ.

ಪೈಪು ಇಳಿಸುವ ಕೆಲಸ ನಡೆದದ್ದು ಫೆಬ್ರುವರಿಯಲ್ಲಿ. ಒಂದು ದಿನ ಅಂದದ್ದು ಎರಡು ದಿನವಾಯಿತು, ಕತ್ತರಿಸುವಾಗ ಹಳೇ ಪೈಪಿನ ಇನ್ನೊಂದು ಜೋಡಣೆ ಸೋರತೊಡಗಿತು. ಎರಡು ದಿನ ನಾವು ಟ್ಯಾಂಕರ್ ನೀರು ಕುಡಿದೆವು. ಮುಗಿದ ಮೇಲೆ ಮೋರಿಯ ಬಾಯಿ ಹಲ್ಲು ಕಿತ್ತ ಹಾಗೆ ಬಟಾಬಯಲಾಗಿತ್ತು. ಮಾರ್ಚ್ ಸಭೆಗೆ ಇಂಜಿನಿಯರ್ ಫೋಟೋ ತಂದು, “ವಿಷಯ 2 ಮುಗಿದಿದೆ, ತೆಗೆದುಹಾಕಿ ಮೇಡಂ” ಅಂದರು.

“ಕಾಮಗಾರಿ ಮುಗಿದಿದೆ ಅಂತ ಬರೀತೀನಿ ಸರ್. ವಿಷಯ ಮುಗಿಯೋದು ಮಳೆ ಬಂದ ಮೇಲೆ. ಆಗಸ್ಟಿನ ಪುಟದಲ್ಲಿ ನಾವೇ ಬರೆದಿದ್ದೀವಿ ನೋಡಿ.”

“ಮಳೆ ಮೇನಲ್ಲಿ ಬರುತ್ತೆ. ಅಲ್ಲೀ ತನಕ ನಂದು ಬಾಕಿ ಅಂತ ತೋರಿಸ್ತಿರಾ? ತಿಂಗಳ ವರದೀಲಿ ಬಾಕಿ ಎಷ್ಟು ಅಂತ ಮೇಲಿನವರು ಕೇಳ್ತಾರೆ.”

ಅವರ ಕಷ್ಟವೂ ನಿಜ. ಕೊನೆಗೆ ‘ಕಾಮಗಾರಿ ಪೂರ್ಣ, ಮಳೆಯ ನಂತರ ಪರಿಶೀಲನೆ ಬಾಕಿ, ಜವಾಬ್ದಾರಿ: ವಾರ್ಡ್ ಸಮಿತಿ’ ಅಂತ ಬರೆದೆವು. ಬಾಕಿ ಅವರ ತಲೆಯಿಂದ ಇಳಿದು ನಮ್ಮ ತಲೆಗೆ ಬಂತು.

ಮೇ ಎರಡನೇ ವಾರ ಸಂಜೆ ಐದಕ್ಕೆ ಗುಡುಗು ಸಹಿತ ಹೊಯ್ಯಿತು. ಮುಕ್ಕಾಲು ಗಂಟೆ. ನಿಲ್ಲುವ ಮೊದಲೇ ಕೊಡೆ ಹಿಡಿದು ನಾಲ್ಕನೇ ಅಡ್ಡರಸ್ತೆಗೆ ಓಡಿದೆ. ಮೋರಿ ಗುಳುಗುಳು ಅಂತ ನೀರು ಕುಡಿಯುತ್ತಿತ್ತು, ಮೇಲ್ಬದಿಯಲ್ಲಿ ಒಂದು ಹನಿ ನಿಂತಿರಲಿಲ್ಲ. ಐದು ಮನೆಯ ಹೊಸ್ತಿಲು ಒಣಗಿತ್ತು. ಆರನೇ ಮನೆಯ ಗೇಟಿನ ಮುಂದೆ ಮಾತ್ರ ಕಣಕಾಲುದ್ದ ನೀರು. ಕಾರು ಹತ್ತಿಸಲು ಅವರು ಚರಂಡಿಯ ಮೇಲೆ ಸಿಮೆಂಟಿನ ರ್‍ಯಾಂಪ್ ಕಟ್ಟಿದ್ದಾರೆ, ರಸ್ತೆಯ ನೀರು ಚರಂಡಿಗೆ ಇಳಿಯುವ ಕಿಂಡಿ ಅದರಡಿ ಮುಚ್ಚಿಹೋಗಿದೆ. ಜೂನ್ ಮನವಿಯಲ್ಲಿ ಮೊದಲ ಸಹಿ ಆ ಮನೆಯವರದೇ. ಆಮೇಲೆ ಬೀದಿಯಲ್ಲಿ ನನ್ನ ಕಂಡು ಮುಖ ತಿರುಗಿಸಿದ್ದೂ ಅವರೇ.

ಅವರು ಪಂಚೆ ಎತ್ತಿಕಟ್ಟಿಕೊಂಡು ಬಂದು ನನ್ನ ನೋಟ್‌ಬುಕ್ ನೋಡಿದರು. “ಟೀಚರ್, ಇದನ್ನೂ ಬರೀತೀರಾ?”

ಮೇ ಸಭೆಯ ನಡವಳಿಯಲ್ಲಿ ವಿಷಯ 2 ಐದು ಮನೆಗಳ ಮಟ್ಟಿಗೆ ಮುಗಿದಿದೆ ಅಂತ ಬರೆದೆ. ಅದರ ಕೆಳಗೆ ವಿಷಯ 7 ಅಂತ ಹೊಸದೊಂದು: 4ನೇ ಅಡ್ಡರಸ್ತೆ, ಮಳೆನೀರಿನ ಕಿಂಡಿಯ ಮೇಲೆ ರ್‍ಯಾಂಪ್. ಹೆಸರು ಬರೆಯಲಿಲ್ಲ. ಟಪಾಲು ಸಂಖ್ಯೆ ಹಳೆಯದೇ ಹಾಕಿದೆ.